ರಾಕೆಟ್ ಹಾರಿದ ದಿನ ಸುದ್ದಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಬಾಹ್ಯಾಕಾಶ ನೌಕೆ ಉಡಾವಣೆಯ ದಿನ ಬರುವ ಪ್ರಕಟಣೆ ತುಂಬಾ ಸ್ಟ್ರ್ಯಾಪ್-ಆನ್, ಕ್ರಯೋಜೆನಿಕ್, ಪೇಲೋಡ್ ಫೇರಿಂಗ್, ಪೆರಿಜಿ, ಅಪೋಜಿ ಅಂತ ಇರುತ್ತದೆ. ಹಾಗೇ ಹಾಕಿದರೆ ಓದುಗರಿಗೆ ಅರ್ಥವಾಗಲ್ಲ. ವಿವರಿಸಲು ಹೋದರೆ ಸುದ್ದಿ ಪಾಠವಾಗಿಬಿಡುತ್ತದೆ. ಇರುವುದು ನಾಲ್ಕೈದು ಪ್ಯಾರಾ ಜಾಗ. ಏನು ಮಾಡಲಿ?

ಉತ್ತರ: ಪದಗಳ ಪಟ್ಟಿ ಹಿಡಿದು ಕೂರಬೇಡಿ. ಒಂದೊಂದು ಪದಕ್ಕೂ ಅರ್ಥ ಬರೆಯುತ್ತಾ ಹೋದರೆ ಅದು ಪಾಠವೇ ಆಗುತ್ತದೆ. ಅದರ ಬದಲು, ಆ ರಾಕೆಟ್ ಮಾಡಿದ ಕೆಲಸ ಏನು ಎಂಬುದನ್ನು ಮೊದಲು ನಿಮಗೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ಆ ವಾಕ್ಯ ಸರಿಯಾಗಿ ಸಿಕ್ಕಿದರೆ ಪ್ರಕಟಣೆಯ ಅರ್ಧಕ್ಕಿಂತ ಜಾಸ್ತಿ ಪದಗಳು ನಿಮಗೆ ಬೇಕೇ ಆಗುವುದಿಲ್ಲ.

ಆ ವಾಕ್ಯ ಇದು: ರಾಕೆಟ್ ತನ್ನ ತುದಿಯಲ್ಲಿ ಹೊತ್ತಿರುವ ನೌಕೆಗೆ ವೇಗ ಕೊಡುತ್ತದೆ. ಎತ್ತರವನ್ನೂ ಕೊಡುತ್ತದೆ, ನಿಜ. ಆದರೆ ಎತ್ತರ ಸುಲಭದ ಭಾಗ. ಕಷ್ಟವೆಲ್ಲ ಇರುವುದು ವೇಗದಲ್ಲಿ.

ಚಂದ್ರಯಾನ-3ರ ಉಡಾವಣೆಯನ್ನೇ ತೆಗೆದುಕೊಳ್ಳೋಣ. 2023ರ ಜುಲೈ 14ರ ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಇಸ್ರೋದ ಎಲ್‌ವಿಎಂ3 ರಾಕೆಟ್ ಮೇಲೇರಿತು. ಸುಮಾರು 16 ನಿಮಿಷದಲ್ಲಿ ನೌಕೆ ರಾಕೆಟ್ಟಿನಿಂದ ಬೇರ್ಪಟ್ಟಿತು. ಇಸ್ರೋ ಹಾಕಿಕೊಂಡಿದ್ದ ಲೆಕ್ಕದ ಪ್ರಕಾರ ಹಾರಿದ ಐದು ನಿಮಿಷಕ್ಕೆ ರಾಕೆಟ್ ಸುಮಾರು 175 ಕಿ.ಮೀ. ಎತ್ತರದಲ್ಲಿರಬೇಕು. ಹದಿನಾರನೇ ನಿಮಿಷದಲ್ಲಿ ನೌಕೆ ಬೇರ್ಪಡುವಾಗ ಎತ್ತರ ಎಷ್ಟು ಗೊತ್ತಾ? ಸುಮಾರು 179 ಕಿ.ಮೀ. ಅಂದರೆ ಕೊನೆಯ 11 ನಿಮಿಷ ಎಂಜಿನ್ ಉರಿಯುತ್ತಲೇ ಇದ್ದರೂ ಎತ್ತರ ಬರೀ ನಾಲ್ಕು ಕಿ.ಮೀ. ಹೆಚ್ಚುತ್ತದೆ. ಅದೇ ಹೊತ್ತಿನಲ್ಲಿ ವೇಗ ಮಾತ್ರ ಸೆಕೆಂಡಿಗೆ 4.6 ಕಿ.ಮೀ.ಯಿಂದ 10.2 ಕಿ.ಮೀ.ಗೆ, ಎರಡು ಪಟ್ಟಿಗೂ ಮೇಲೆ ಏರುತ್ತದೆ.

ಈ ಎರಡು ಜೋಡಿ ಅಂಕಿಗಳನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ನೀವು ಇನ್ನು ಮುಂದೆ 'ರಾಕೆಟ್ ನೌಕೆಯನ್ನು ಎತ್ತರಕ್ಕೆ ಒಯ್ದು ಬಿಟ್ಟಿತು' ಎಂದು ಬರೆಯುವುದಿಲ್ಲ. ಹಾಗೆ ಬರೆದಾಗ ಓದುಗರ ತಲೆಯಲ್ಲಿ ತಪ್ಪು ಚಿತ್ರ ಕೂರುತ್ತದೆ. ಮೇಲೆ ಹೋದದ್ದು ಯಾಕೆ ಕೆಳಗೆ ಬೀಳುವುದಿಲ್ಲ ಎಂಬ ಸಹಜವಾದ ಪ್ರಶ್ನೆಗೆ ಅಲ್ಲಿ ಉತ್ತರವೇ ಇರುವುದಿಲ್ಲ.

ಆ ಉತ್ತರವನ್ನು ಸುದ್ದಿಯಲ್ಲಿ ಎರಡು ವಾಕ್ಯದಲ್ಲಿ ಹೇಳಬಹುದು. ಕಲ್ಲನ್ನು ಅಡ್ಡಲಾಗಿ ಎಸೆದರೆ ಸ್ವಲ್ಪ ದೂರ ಹೋಗಿ ಬೀಳುತ್ತದೆ, ಜೋರಾಗಿ ಎಸೆದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ, ಗಾಳಿ ಇಲ್ಲದಷ್ಟು ಎತ್ತರದಲ್ಲಿ ಎಸೆದರೆ ಅದು ಬೀಳುತ್ತಲೇ ಇರುತ್ತದೆ, ಆದರೆ ಭೂಮಿ ದುಂಡಗಿರುವುದರಿಂದ ನೆಲವೂ ಅಷ್ಟೇ ಬಾಗುತ್ತಾ ಹೋಗುತ್ತದೆ, ಹಾಗಾಗಿ ಅದು ನೆಲ ಮುಟ್ಟದೆ ಭೂಮಿಯನ್ನು ಸುತ್ತುತ್ತದೆ. ಕಕ್ಷೆ ಎಂದರೆ ಇಷ್ಟೇ. ಈ ಎರಡು ವಾಕ್ಯ ಪ್ರತಿ ಸುದ್ದಿಯಲ್ಲೂ ಬೇಡ. ಆದರೆ ಬರೆಯುವವರಿಗೆ ಇದು ಗೊತ್ತಿದ್ದರೆ ಮಿಕ್ಕ ವಾಕ್ಯಗಳು ತಪ್ಪು ದಾರಿ ಹಿಡಿಯುವುದಿಲ್ಲ. 'ಕಕ್ಷೆ' ಎಂಬ ಪದವನ್ನು ಮಾತ್ರ ಉಳಿಸಿಕೊಳ್ಳಿ. ಅದು ಕನ್ನಡ ಓದುಗರಿಗೆ ಗೊತ್ತಿರುವ ಪದ. ಮೊದಲ ಸಲ ಬಂದಾಗ 'ಭೂಮಿಯನ್ನು ಸುತ್ತುವ ದಾರಿ' ಎಂದು ವಾಕ್ಯದೊಳಗೇ ಸೇರಿಸಿದರೆ ಸಾಕು.

ಈಗ ಪ್ರಕಟಣೆಯ ಭಾಷೆಗೆ ಬರೋಣ. ನಿಮ್ಮ ಕೈಗೆ ಬರುವ ಬರಹ ಹೆಚ್ಚುಕಡಿಮೆ ಹೀಗಿರುತ್ತದೆ ಎಂದುಕೊಳ್ಳಿ: 'ಎರಡು ಎಸ್200 ಸಾಲಿಡ್ ಸ್ಟ್ರ್ಯಾಪ್-ಆನ್ ಮೋಟಾರ್‌ಗಳ ಇಗ್ನಿಷನ್‌ನೊಂದಿಗೆ ಲಿಫ್ಟ್-ಆಫ್ ಆಗಿ, 108ನೇ ಸೆಕೆಂಡಿಗೆ ಎಲ್110 ಲಿಕ್ವಿಡ್ ಕೋರ್ ಸ್ಟೇಜ್ ಚಾಲನೆಗೊಂಡಿತು. 127ನೇ ಸೆಕೆಂಡಿಗೆ ಸ್ಟ್ರ್ಯಾಪ್-ಆನ್ ಸೆಪರೇಷನ್, 195ನೇ ಸೆಕೆಂಡಿಗೆ ಪೇಲೋಡ್ ಫೇರಿಂಗ್ ಸೆಪರೇಷನ್ ನಡೆಯಿತು. ತರುವಾಯ ಸಿ25 ಕ್ರಯೋಜೆನಿಕ್ ಅಪ್ಪರ್ ಸ್ಟೇಜ್ ನೌಕೆಯನ್ನು 170 × 36,500 ಕಿ.ಮೀ. ಎಲಿಪ್ಟಿಕಲ್ ಪಾರ್ಕಿಂಗ್ ಆರ್ಬಿಟ್‌ಗೆ ಇಂಜೆಕ್ಟ್ ಮಾಡಿತು.'

ಇದರಲ್ಲಿ ಒಂದು ಡಜನ್ ಪದಗಳಿವೆ. ಆದರೆ ನಡೆದ ಘಟನೆಗಳು ಐದೇ. ಅಕ್ಕಪಕ್ಕದ ಎರಡು ದೊಡ್ಡ ಕೊಳವೆಗಳು ಉರಿದವು. ನಡುವಿನ ಭಾಗ ಹೊತ್ತಿತು. ಖಾಲಿಯಾದ ಕೊಳವೆಗಳು ಕಳಚಿ ಬಿದ್ದವು. ತುದಿಯ ಮುಚ್ಚಳ ಕಳಚಿತು. ಮೇಲಿನ ಎಂಜಿನ್ ಉಳಿದ ವೇಗ ಕೊಟ್ಟು ನೌಕೆಯನ್ನು ಬಿಟ್ಟಿತು. ಹೀಗೆ ಘಟನೆಗಳನ್ನು ಮೊದಲು ಎಣಿಸಿಕೊಳ್ಳಿ. ಆಮೇಲೆ ಪ್ರತಿ ಘಟನೆಗೆ 'ಯಾಕೆ' ಎಂದು ಕೇಳಿ. ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ ಕೂಡಲೇ ಹೆಸರಿನ ಹಂಗು ತಪ್ಪುತ್ತದೆ.

ಯಾಕೆ ಕೊಳವೆಗಳನ್ನು ಕಳಚಿ ಬಿಸಾಡುತ್ತಾರೆ? ತೂಕಕ್ಕೆ. ನೆಲದ ಮೇಲೆ ನಿಂತಾಗ ಎಲ್‌ವಿಎಂ3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದರಲ್ಲಿ ಚಂದ್ರಯಾನ-3 ನೌಕೆಯ ಪಾಲು 3.9 ಟನ್ ಮಾತ್ರ. ಸುಮಾರು 550 ಟನ್ ಬರೀ ಉರಿದುಹೋಗುವ ಸಾಮಗ್ರಿ. ಅದು ಉರಿದು ಮುಗಿದ ಮೇಲೆ ಖಾಲಿ ಕವಚವನ್ನು ಹೊತ್ತು ಓಡಿದರೆ ವೇಗ ಏರುವುದಿಲ್ಲ. ಅದಕ್ಕೇ ಖಾಲಿಯಾದದ್ದನ್ನೆಲ್ಲ ದಾರಿಯಲ್ಲೇ ಬಿಡುತ್ತಾ ಹೋಗುತ್ತದೆ. 'ಮೂರು ಹಂತದ ರಾಕೆಟ್' ಎಂದು ನಾವು ವರ್ಷಾನುಗಟ್ಟಲೆ ಬರೆಯುತ್ತೇವೆ, ಹಂತ ಯಾಕಿದೆ ಎಂದು ಬರೆಯುವುದು ಅಪರೂಪ. 'ಖಾಲಿಯಾದ ಭಾಗವನ್ನು ಕಳಚಿ ಹಗುರವಾಗುತ್ತಾ ಹೋಗುತ್ತದೆ' ಎಂಬ ಒಂದೇ ಮಾತು ಇಡೀ ಉಡಾವಣೆಗೆ ಅರ್ಥ ಕೊಡುತ್ತದೆ. ಜಾಗ ಎಷ್ಟೇ ಕಡಿಮೆ ಇದ್ದರೂ ನಾನು ಈ ಮಾತನ್ನು ಕತ್ತರಿಸಲು ಬಿಡುವುದಿಲ್ಲ.

ತುದಿಯ ಮುಚ್ಚಳದ್ದೂ ಇದೇ ಕಥೆ. ಪೇಲೋಡ್ ಫೇರಿಂಗ್ ಅನ್ನುವುದು ಇದಕ್ಕೇ. ಗಾಳಿಯನ್ನು ಸೀಳಿಕೊಂಡು ಹೋಗುವಾಗ ಬರುವ ಒತ್ತಡ ಮತ್ತು ಶಾಖ ನೌಕೆಗೆ ತಾಗದಂತೆ ಅದು ಕಾಯುತ್ತದೆ. ಸುಮಾರು 115 ಕಿ.ಮೀ. ಎತ್ತರದಲ್ಲಿ ಗಾಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮುಚ್ಚಳದ ಕೆಲಸ ಮುಗಿಯಿತು. ಇನ್ನು ಅದು ಬರೀ ಹೊರೆ, ಅದಕ್ಕೇ ಕಳಚಿಕೊಳ್ಳುತ್ತದೆ. ಸುದ್ದಿಯಲ್ಲಿ 'ಗಾಳಿಯ ಪದರ ದಾಟಿದ ಮೇಲೆ ನೌಕೆಗೆ ರಕ್ಷಣೆಯಾಗಿದ್ದ ಮುಚ್ಚಳ ಕಳಚಿಕೊಂಡಿತು' ಎಂದರೆ ಮುಗಿಯಿತು. ನಾಲ್ಕು ಪ್ಯಾರಾದ ಸುದ್ದಿಯಾದರೆ ಈ ಘಟನೆಯನ್ನೇ ಬಿಡಬಹುದು. ಬಿಟ್ಟರೆ ಕಥೆಗೆ ಏನೂ ನಷ್ಟವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸರಳ ಮಾಡುವ ಭರದಲ್ಲಿ ಘಟನೆಯೇ ಬದಲಾಗಬಾರದು. 'ಮೂರೂ ಎಂಜಿನ್‌ಗಳು ಒಟ್ಟಿಗೆ ಹೊತ್ತಿಕೊಂಡು ರಾಕೆಟ್ ಆಕಾಶಕ್ಕೆ ಚಿಮ್ಮಿತು' ಎಂಬ ವಾಕ್ಯ ಓದಲು ಚೆನ್ನಾಗಿದೆ, ಆದರೆ ಎಲ್‌ವಿಎಂ3 ವಿಷಯದಲ್ಲಿ ಅದು ತಪ್ಪು. ನೆಲ ಬಿಡುವಾಗ ಉರಿಯುವುದು ಅಕ್ಕಪಕ್ಕದ ಎರಡು ಕೊಳವೆಗಳು ಮಾತ್ರ. ನಡುವಿನ ಭಾಗ ಹೊತ್ತಿಕೊಳ್ಳುವುದು ಹೆಚ್ಚುಕಡಿಮೆ ಒಂದೂ ಮುಕ್ಕಾಲು ನಿಮಿಷದ ನಂತರ, ಹಾರುತ್ತಿರುವಾಗಲೇ. ಅಷ್ಟೇ ಅಲ್ಲ, ನಡುವಿನ ಭಾಗದಲ್ಲಿ ಇರುವುದು ಒಂದಲ್ಲ, ಎರಡು ಎಂಜಿನ್. ಇಂಥ ಕಡೆ ವಿವರ ಬೇಡ ಅನಿಸಿದರೆ ಸುಮ್ನೆ ಬಿಟ್ಟುಬಿಡಿ. ಬಿಡುವುದು ತಪ್ಪಲ್ಲ, ಅಂದಾಜಿನ ಮೇಲೆ ತುಂಬುವುದು ತಪ್ಪು.

ಘನ ಇಂಧನ, ದ್ರವ ಇಂಧನ ಎಂಬ ವ್ಯತ್ಯಾಸವನ್ನು ಹೇಳಬೇಕೇ? ಮಾಮೂಲಿ ದಿನ ಬೇಡ. ಆದರೆ ಉಡಾವಣೆ ಕೊನೆಯ ಕ್ಷಣದಲ್ಲಿ ಮುಂದಕ್ಕೆ ಹೋದಾಗ ಅದು ಉಪಯೋಗಕ್ಕೆ ಬರುತ್ತದೆ. ಘನ ಇಂಧನದ ಕೊಳವೆಗೆ ಒಮ್ಮೆ ಬೆಂಕಿ ತಾಗಿದರೆ ಆರಿಸಲು ಬರುವುದಿಲ್ಲ, ಪೂರ್ತಿ ಉರಿದೇ ತೀರಬೇಕು. ಅದಕ್ಕೇ ಸಣ್ಣ ಅನುಮಾನ ಬಂದರೂ ಹೊತ್ತಿಸುವ ಮೊದಲೇ ಎಣಿಕೆ ನಿಲ್ಲಿಸುತ್ತಾರೆ. ಆ ದಿನ ಈ ಒಂದು ವಾಕ್ಯ ಬರೆದರೆ 'ಇಷ್ಟು ಚಿಕ್ಕ ದೋಷಕ್ಕೆ ಯಾಕೆ ನಿಲ್ಲಿಸಿದರು' ಎಂಬ ಓದುಗರ ಪ್ರಶ್ನೆಗೆ ಉತ್ತರವಾಗುತ್ತದೆ. ಪದವನ್ನು ವಿವರಿಸುವ ಸಮಯ ಯಾವುದೆಂದರೆ ಇದು: ಆ ಪದದ ಅರ್ಥ ಗೊತ್ತಿಲ್ಲದೆ ಆ ದಿನದ ಸುದ್ದಿಯೇ ಅರ್ಥವಾಗದು ಎಂದಾಗ.

ಕ್ರಯೋಜೆನಿಕ್ ಪದದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದನ್ನು ಉಳಿಸಿಕೊಳ್ಳಿ. ಭಾರತದ ರಾಕೆಟ್ ಸುದ್ದಿಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಓದುಗರು ಕೇಳಿರುತ್ತಾರೆ, ಏನೆಂದು ಮಾತ್ರ ಯಾರೂ ಹೇಳಿರುವುದಿಲ್ಲ. ನಾವು ಅನಿಲವಾಗಿಯೇ ನೋಡುವ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ದ್ರವವಾಗುವಷ್ಟು ತಣ್ಣಗೆ ಮಾಡಿ ತುಂಬಿಸಿ ಉರಿಸುವ ಎಂಜಿನ್ ಅದು. ಹೈಡ್ರೋಜನ್ ದ್ರವವಾಗಿ ಉಳಿಯಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕು. ಆಮ್ಲಜನಕಕ್ಕೆ ಸೊನ್ನೆಗಿಂತ 183 ಡಿಗ್ರಿ ಕೆಳಗೆ. ಇಷ್ಟೆಲ್ಲ ಪಾಡು ಯಾಕೆಂದರೆ ಈ ಜೋಡಿ ಒಂದೊಂದು ಕಿಲೋಗೆ ಕೊಡುವ ತಳ್ಳುವ ಬಲ ಉಳಿದ ಇಂಧನಗಳಿಗಿಂತ ಜಾಸ್ತಿ. ಕೊನೆಯ ಹನ್ನೊಂದು ನಿಮಿಷದಲ್ಲಿ ವೇಗ ಎರಡು ಪಟ್ಟಿಗೂ ಜಾಸ್ತಿಯಾಗಬೇಕು ಎಂದೆನಲ್ಲ, ಆ ಕೆಲಸ ಇದರದ್ದೇ. ಸುದ್ದಿಗೆ ಬೇಕಾದ ರೂಪ: 'ಅತಿ ತಣ್ಣಗಿನ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕದಿಂದ ಉರಿಯುವ ಕ್ರಯೋಜೆನಿಕ್ ಎಂಜಿನ್.' ಅರ್ಥ ಮೊದಲು, ಹೆಸರು ಆಮೇಲೆ. ಹೆಸರನ್ನು ಮುಂದಿಟ್ಟರೆ ಓದುಗರು ಅಲ್ಲೇ ಎಡವುತ್ತಾರೆ, ಅರ್ಥದವರೆಗೆ ಬರುವುದೇ ಇಲ್ಲ. ತಾಪಮಾನದ ಅಂಕಿ ಬೇಕಾದರೆ ಹೈಡ್ರೋಜನ್‌ದು ಒಂದೇ ಕೊಡಿ.

ಇನ್ನು ಆ 170 × 36,500. ಪ್ರಕಟಣೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇಲ್ಲ, ಇದರಷ್ಟು ಕೆಟ್ಟದಾಗಿ ಸುದ್ದಿಗೆ ಬರುವ ಅಂಕಿಯೂ ಇಲ್ಲ. ಗುಣಾಕಾರದ ಗುರುತಿನೊಂದಿಗೆ ಹಾಗೇ ಅಚ್ಚಾದರೆ ಅದು ಉದ್ದ ಅಗಲದಂತೆ ಕಾಣುತ್ತದೆ. ನಿಜವಾಗಿ ಅದು ಹೇಳುವುದು ಇಷ್ಟು: ನೌಕೆ ಈಗ ಭೂಮಿಯನ್ನು ಸುತ್ತುತ್ತಿದೆ, ಆದರೆ ದುಂಡಗಿನ ದಾರಿಯಲ್ಲಿ ಅಲ್ಲ, ಉದ್ದಕ್ಕೆ ಎಳೆದ ಮೊಟ್ಟೆಯಾಕಾರದ ದಾರಿಯಲ್ಲಿ. ಹತ್ತಿರ ಬಂದಾಗ ನೆಲದಿಂದ 170 ಕಿ.ಮೀ., ದೂರ ಹೋದಾಗ 36,500 ಕಿ.ಮೀ. 'ಹತ್ತಿರ ಬಂದಾಗ', 'ದೂರ ಹೋದಾಗ' ಎಂಬ ಮಾತುಗಳು ಪೆರಿಜಿ, ಅಪೋಜಿಗಳ ಪೂರ್ತಿ ಕೆಲಸ ಮಾಡುತ್ತವೆ. ಏನೂ ಕಳೆದುಹೋಗುವುದಿಲ್ಲ. ಹಾಗಾಗಿ ಆ ಎರಡು ಪದಗಳನ್ನು ಸುದ್ದಿಯಲ್ಲಿ ಬಳಸುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಚಂದ್ರ ಇರುವುದು ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿ. ಉಡಾವಣೆಯ ಸಂಜೆ ನೌಕೆ ಮುಟ್ಟಬಹುದಾದ ಅತಿ ಹೆಚ್ಚಿನ ದೂರ 36,500. ಅಂದರೆ ಹತ್ತನೇ ಒಂದು ಭಾಗವೂ ಅಲ್ಲ. ಇದನ್ನು ಬರೆದರೆ 'ಚಂದ್ರನತ್ತ ಹೊರಟ ನೌಕೆ' ಎಂಬ ಹೆಡ್ಡಿಂಗ್ ಓದಿದವರಿಗೆ ಮುಂದಿನ 40 ದಿನ ಯಾಕೆ ಬೇಕು ಎಂಬುದು ತಿಳಿಯುತ್ತದೆ. ಒಂದೇ ಏಟಿಗೆ ಚಂದ್ರನವರೆಗೆ ತಲುಪುವಷ್ಟು ವೇಗ ಕೊಡಲು ಈ ರಾಕೆಟ್ಟಿಗೆ ಆಗದು. ಅದಕ್ಕೇ ನೌಕೆ ಕೆಲವು ಸುತ್ತುಗಳಲ್ಲಿ ಭೂಮಿಯ ಹತ್ತಿರ ಬಂದಾಗ ತನ್ನದೇ ಎಂಜಿನ್ ಉರಿಸಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗೆ ಮಾಡಿದಾಗಲೆಲ್ಲ ದಾರಿಯ ಆಚೆ ತುದಿ ಇನ್ನಷ್ಟು ದೂರ ಸರಿಯುತ್ತದೆ.

'ಭೂಮಿಯ ಗುರುತ್ವಾಕರ್ಷಣೆಯಿಂದ ಪಾರಾದ ನೌಕೆ' ಎಂಬ ಸಾಲು ಉಡಾವಣೆಯ ದಿನ ಬಹಳ ಕಡೆ ಕಾಣುತ್ತದೆ. ದಯವಿಟ್ಟು ಅದನ್ನು ಹೊಡೆದುಹಾಕಿ. ನೌಕೆ ಬೇರ್ಪಟ್ಟ 179 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ 95ರಷ್ಟು ಇರುತ್ತದೆ. ಆ ಸೆಳೆತ ಇರುವುದರಿಂದಲೇ ನೌಕೆ ಭೂಮಿಯನ್ನು ಸುತ್ತುತ್ತದೆ, ಇಲ್ಲದಿದ್ದರೆ ನೇರ ಹೊರಟುಹೋಗುತ್ತಿತ್ತು. ಸಾಲು ಚಂದ ಇದೆ, ಅರ್ಥ ಉಲ್ಟಾ ಇದೆ. ಇದನ್ನು ಓದಿ ಬೆಳೆದ ಮಕ್ಕಳು ವಿಜ್ಞಾನದ ತರಗತಿಯಲ್ಲಿ ಗೊಂದಲಕ್ಕೆ ಬೀಳುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಇಷ್ಟನ್ನೂ ಸೇರಿಸಿ ಆ ದಿನದ ಸುದ್ದಿಯನ್ನು ನಾನು ಬರೆದರೆ ಹೀಗಿರುತ್ತದೆ:

'ಶ್ರೀಹರಿಕೋಟಾ: ಚಂದ್ರನ ಮೇಲೆ ಇಳಿಯಲಿರುವ ಚಂದ್ರಯಾನ-3 ನೌಕೆಯನ್ನು ಇಸ್ರೋ ಶುಕ್ರವಾರ ಮಧ್ಯಾಹ್ನ ಉಡಾಯಿಸಿತು. 2.35ಕ್ಕೆ ನೆಲ ಬಿಟ್ಟ ಎಲ್‌ವಿಎಂ3 ರಾಕೆಟ್ 16 ನಿಮಿಷದಲ್ಲಿ ನೌಕೆಯನ್ನು ಭೂಮಿ ಸುತ್ತುವ ದಾರಿಗೆ, ಅಂದರೆ ಕಕ್ಷೆಗೆ, ಸೇರಿಸಿತು.

ನೌಕೆ ಈಗ ಮೊಟ್ಟೆಯಾಕಾರದ ದಾರಿಯಲ್ಲಿ ಭೂಮಿಯನ್ನು ಸುತ್ತುತ್ತಿದೆ. ಹತ್ತಿರ ಬಂದಾಗ ಅದು ನೆಲದಿಂದ 170 ಕಿ.ಮೀ., ದೂರ ಹೋದಾಗ 36,500 ಕಿ.ಮೀ. ಅಂತರದಲ್ಲಿರುತ್ತದೆ. ಚಂದ್ರ ಇರುವುದು ಇದರ ಹತ್ತು ಪಟ್ಟಿಗೂ ಹೆಚ್ಚು ದೂರದಲ್ಲಿ. ಮುಂದಿನ ದಿನಗಳಲ್ಲಿ ನೌಕೆ ತನ್ನ ಎಂಜಿನ್ ಉರಿಸಿ ಹಂತ ಹಂತವಾಗಿ ಈ ದಾರಿಯನ್ನು ಉದ್ದ ಮಾಡಿಕೊಂಡು ಚಂದ್ರನತ್ತ ಹೊರಡಲಿದೆ. ಆಗಸ್ಟ್ 23ರ ಸಂಜೆ ಚಂದ್ರನ ಮೇಲೆ ಇಳಿಸುವ ಯೋಜನೆಯಿದೆ.

640 ಟನ್ ತೂಕದ ರಾಕೆಟ್ಟಿನಲ್ಲಿ ನೌಕೆಯ ತೂಕ 3.9 ಟನ್. ಉಳಿದದ್ದರಲ್ಲಿ ಬಹುಪಾಲು ಇಂಧನ ಮತ್ತು ಅದು ಉರಿಯಲು ಬೇಕಾದ ಸಾಮಗ್ರಿ. ಮೊದಲು ಅಕ್ಕಪಕ್ಕದ ಎರಡು ದೊಡ್ಡ ಕೊಳವೆಗಳು ರಾಕೆಟ್ಟನ್ನು ಮೇಲೆತ್ತಿದವು. ಎರಡು ನಿಮಿಷದ ಬಳಿಕ ಅವು ಖಾಲಿಯಾಗಿ ಕಳಚಿಕೊಂಡವು. ಅಷ್ಟರಲ್ಲಿ ಹೊತ್ತಿಕೊಂಡಿದ್ದ ನಡುವಿನ ಭಾಗವೂ ಐದನೇ ನಿಮಿಷದಲ್ಲಿ ಕೆಲಸ ಮುಗಿಸಿ ಬೇರೆಯಾಯಿತು. ಹೀಗೆ ಹಗುರವಾದ ರಾಕೆಟ್ಟಿಗೆ ಕೊನೆಯ ವೇಗ ಕೊಟ್ಟದ್ದು ಅತಿ ತಣ್ಣಗಿನ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕದಿಂದ ಉರಿಯುವ ಕ್ರಯೋಜೆನಿಕ್ ಎಂಜಿನ್. ನೌಕೆ ಬೇರ್ಪಟ್ಟಾಗ ಅದರ ವೇಗ ಸೆಕೆಂಡಿಗೆ 10 ಕಿ.ಮೀ.ಗೂ ಹೆಚ್ಚಿತ್ತು.'

ಗಮನಿಸಿ, ಸುದ್ದಿ ಮೊದಲು ಹೇಳಿದ್ದು ನೌಕೆ ಈಗ ಎಲ್ಲಿದೆ, ಮುಂದೇನು ಎಂಬುದನ್ನು. ರಾಕೆಟ್ ಹೇಗೆ ಹಾರಿತು ಎಂಬುದು ಮೂರನೇ ಪ್ಯಾರಾಕ್ಕೆ ಹೋಯಿತು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬಹುದು. ಮೊದಲ ಎರಡು ಪ್ಯಾರಾ ಉಳಿದರೂ ಸುದ್ದಿ ಪೂರ್ತಿಯಾಗಿರುತ್ತದೆ. ಎಸ್200, ಎಲ್110, ಸಿ25 ಯಾವುದೂ ಇಲ್ಲ. ಅವು ಆಸಕ್ತರಿಗೆ ಬೇಕು, ನಿಜ. ಪಕ್ಕದಲ್ಲಿ ರಾಕೆಟ್ಟಿನ ಚಿತ್ರ ಹಾಕಿ ಅಲ್ಲಿ ಹೆಸರು ಬರೆಯಿರಿ. ಚಿತ್ರದಲ್ಲಿ ಹೆಸರಿನ ಪಕ್ಕದಲ್ಲೇ ಭಾಗ ಕಾಣುವುದರಿಂದ ಅಲ್ಲಿ ಅದು ಭಾರವಾಗುವುದಿಲ್ಲ.

'ಇಂಧನ ಮತ್ತು ಅದು ಉರಿಯಲು ಬೇಕಾದ ಸಾಮಗ್ರಿ' ಎಂದು ಬೇಕೆಂದೇ ಬರೆದಿದ್ದೇನೆ. ಗಾಳಿ ಇಲ್ಲದ ಕಡೆ ಉರಿಯಬೇಕಾದ್ದರಿಂದ ರಾಕೆಟ್ ಇಂಧನದ ಜೊತೆಗೆ ಆಮ್ಲಜನಕವನ್ನೋ ಆಮ್ಲಜನಕ ಕೊಡುವ ರಾಸಾಯನಿಕವನ್ನೋ ತಾನೇ ಹೊತ್ತೊಯ್ಯುತ್ತದೆ. ತೂಕದಲ್ಲಿ ಅದೇ ದೊಡ್ಡ ಪಾಲು. ಎಲ್ಲವನ್ನೂ 'ಇಂಧನ' ಎಂದು ಬರೆಯುವ ರೂಢಿ ಇದೆ. ಮಾಮೂಲಿ ದಿನ ಅದರಿಂದ ತೊಂದರೆ ಆಗದು, ಆದರೆ ದೋಷವೇ ಆಮ್ಲಜನಕದ ಕಡೆ ಬಂದಾಗ ಸುದ್ದಿ ತಪ್ಪಾಗುತ್ತದೆ. ಅಂಥದ್ದು ನಿಜವಾಗಿ ನಡೆದಿದೆ, ಅದಕ್ಕೇ ಬರುತ್ತೇನೆ.

'ಯಶಸ್ವಿ' ಎಂಬ ಪದದ ಬಗ್ಗೆ ಹೇಳದೆ ಈ ಉತ್ತರ ಮುಗಿಯುವುದಿಲ್ಲ. ಅದು ತಾಂತ್ರಿಕ ಪದದಂತೆ ಕಾಣುವುದಿಲ್ಲ, ಆದ್ದರಿಂದಲೇ ಯಾರೂ ವಿವರಿಸುವುದಿಲ್ಲ. ಆದರೆ ಉಡಾವಣೆಯ ಸುದ್ದಿಯಲ್ಲಿ ಅತಿ ಹೆಚ್ಚು ವಿವರಣೆ ಬೇಕಾದ ಪದ ಅದೇ. ಏನು ಯಶಸ್ವಿಯಾಯಿತು? ರಾಕೆಟ್ಟೋ, ನೌಕೆಯೋ, ಇಡೀ ಯೋಜನೆಯೋ?

2025ರ ಜನವರಿ 29ರಂದು ಜಿಎಸ್‌ಎಲ್‌ವಿ-ಎಫ್15 ರಾಕೆಟ್ ಎನ್‌ವಿಎಸ್-02 ಎಂಬ ಉಪಗ್ರಹವನ್ನು ಹೊತ್ತು ಹಾರಿತು. ದಾರಿ ತೋರಿಸುವ ಸೇವೆಗೆ ಬೇಕಾದ ಉಪಗ್ರಹ ಅದು. ಶ್ರೀಹರಿಕೋಟಾದ ನೂರನೇ ಉಡಾವಣೆ ಎಂಬ ಸಂಭ್ರಮ ಬೇರೆ. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು, ಉಪಗ್ರಹವನ್ನು ಮೊಟ್ಟೆಯಾಕಾರದ ದಾರಿಗೆ ಸೇರಿಸಿತು. ಅಲ್ಲಿಂದ ತನ್ನ ಎಂಜಿನ್ ಉರಿಸಿಕೊಂಡು ನಿಗದಿತ ಜಾಗಕ್ಕೆ ಏರಬೇಕಾದದ್ದು ಉಪಗ್ರಹದ ಕೆಲಸ. ಕೆಲವೇ ದಿನಗಳಲ್ಲಿ ಇಸ್ರೋ ತಿಳಿಸಿತು: ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ಕವಾಟಗಳು ತೆರೆಯಲಿಲ್ಲ, ಹಾಗಾಗಿ ಉಪಗ್ರಹವನ್ನು ಮೇಲಕ್ಕೇರಿಸಲು ಆಗಲಿಲ್ಲ. ಆಕ್ಸಿಡೈಸರ್ ಎಂದರೆ ಇಂಧನ ಉರಿಯಲು ಬೇಕಾದ ಆಮ್ಲಜನಕ ಒದಗಿಸುವ ರಾಸಾಯನಿಕ. ಇದನ್ನು 'ಇಂಧನ ಕವಾಟ ತೆರೆಯಲಿಲ್ಲ' ಎಂದು ಬರೆದರೆ ಸರಳವಾಗುತ್ತದೆ, ಸರಿಯಾಗುವುದಿಲ್ಲ. 'ಇಂಧನ ಉರಿಯಲು ಬೇಕಾದ ರಾಸಾಯನಿಕವನ್ನು ಬಿಡುವ ಕವಾಟ' ಎಂದರೆ ಎರಡೂ ಆಗುತ್ತದೆ. ಮೊದಲ ದಿನ 'ಉಪಗ್ರಹ ಯಶಸ್ವಿ' ಎಂದು ಬರೆದ ಪತ್ರಿಕೆ ಈಗ ತನ್ನ ಮಾತನ್ನೇ ತಿದ್ದಬೇಕು. 'ಉಡಾವಣೆ ಯಶಸ್ವಿ, ಉಪಗ್ರಹ ಇನ್ನು ತನ್ನ ಎಂಜಿನ್ ಉರಿಸಿ ಮೇಲೇರಬೇಕು' ಎಂದು ಬರೆದ ಪತ್ರಿಕೆಯ ಓದುಗರಿಗೆ ಎರಡನೇ ಸುದ್ದಿ ಮೊದಲನೆಯದರ ಮುಂದುವರಿದ ಭಾಗವಾಗಿ ಅರ್ಥವಾಗುತ್ತದೆ.

ಹಾರಿದ್ದೆಲ್ಲ ಕಕ್ಷೆ ಸೇರುವುದೂ ಇಲ್ಲ. 2021ರ ಆಗಸ್ಟ್ 12ರ ಬೆಳಗ್ಗೆ ಜಿಎಸ್‌ಎಲ್‌ವಿ-ಎಫ್10 ಹಾರಿತು. ಮೊದಲ ಎರಡು ಭಾಗಗಳು ಸರಿಯಾಗಿ ಕೆಲಸ ಮಾಡಿದವು. ಮೇಲಿನ ಕ್ರಯೋಜೆನಿಕ್ ಎಂಜಿನ್ ಹೊತ್ತಿಕೊಳ್ಳಲೇ ಇಲ್ಲ, ಉಪಗ್ರಹ ಕಳೆದುಹೋಯಿತು. ನೆಲದಿಂದ ನೋಡಿದವರಿಗೆ ಕಂಡದ್ದು ಚಂದದ ಉಡಾವಣೆಯೇ. ಹಾಗಾಗಿ ರಾಕೆಟ್ ನೆಲ ಬಿಟ್ಟ ಕೂಡಲೇ 'ಯಶಸ್ವಿ' ಎಂದು ಹಾಕಬೇಡಿ, 'ಹಾರಿತು' ಎಂದಷ್ಟೇ ಹಾಕಿ. ನೇರಪ್ರಸಾರದಲ್ಲಿ ಒಂದು ಗೆರೆ ಯೋಜನೆಯ ದಾರಿ ತೋರಿಸುತ್ತಿರುತ್ತದೆ, ಇನ್ನೊಂದು ನಿಜವಾಗಿ ಹೋಗುತ್ತಿರುವ ದಾರಿ. ಎರಡೂ ಒಂದರ ಮೇಲೊಂದು ಸಾಗುತ್ತಿದ್ದರೆ ಎಲ್ಲ ಸರಿಯಿದೆ. ನಿಜವಾದ ಗೆರೆ ಕೆಳಗೆ ಬಾಗತೊಡಗಿದರೆ, ವೇಗದ ಅಂಕಿ ಏರುವ ಹೊತ್ತಿನಲ್ಲಿ ನಿಂತರೆ, ಇಲ್ಲವೇ ವಿವರಣೆ ನೀಡುವವರು ತಟ್ಟನೆ ಮೌನವಾದರೆ, ನಿಮ್ಮ ಸಿದ್ಧ ಸುದ್ದಿಯನ್ನು ಬದಿಗಿಡಿ. ನೌಕೆ ಬೇರ್ಪಟ್ಟಿದೆ, ಅದರ ಸಂಕೇತ ನೆಲದ ಕೇಂದ್ರಕ್ಕೆ ಸಿಕ್ಕಿದೆ, ಅದು ಸೇರಿದ ಕಕ್ಷೆ ಇಂಥದ್ದು ಎಂಬ ಮೂರು ಮಾತು ಬಂದ ಮೇಲೆ 'ಉಡಾವಣೆ ಯಶಸ್ವಿ' ಎನ್ನಬಹುದು.

ನೌಕೆ ಬೇರ್ಪಟ್ಟಿದೆ ಎಂಬುದೊಂದೇ ಯಾಕೆ ಸಾಲದು? 2022ರ ಆಗಸ್ಟ್ 7ರಂದು ಇಸ್ರೋದ ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಹಾರಿದಾಗ ಉಪಗ್ರಹಗಳು ಬೇರ್ಪಟ್ಟಿದ್ದವು. ಸೇರಬೇಕಿದ್ದದ್ದು 356 ಕಿ.ಮೀ. ಎತ್ತರದ ದುಂಡಗಿನ ದಾರಿಗೆ. ಸೇರಿದ್ದು ದೂರದಲ್ಲಿ 356, ಹತ್ತಿರದಲ್ಲಿ ಬರೀ 76 ಕಿ.ಮೀ. ಇರುವ ದಾರಿಗೆ. 76 ಕಿ.ಮೀ. ಎತ್ತರದಲ್ಲಿ ಗಾಳಿ ಇರುತ್ತದೆ, ಅದು ಉಪಗ್ರಹವನ್ನು ತಡೆದು ಕೆಳಗೆ ಇಳಿಸಿಬಿಡುತ್ತದೆ. ಆ ಉಪಗ್ರಹಗಳು ಇನ್ನು ಉಪಯೋಗಕ್ಕೆ ಬಾರವು ಎಂದು ಇಸ್ರೋ ಅಂದೇ ಹೇಳಿತು. ಎತ್ತರ ಸಿಕ್ಕಿತ್ತು, ಕಡಿಮೆಯಾದದ್ದು ವೇಗ. ಎಷ್ಟು ಕಡಿಮೆ? ಈ ಎರಡು ದಾರಿಗಳ ಲೆಕ್ಕ ಹಾಕಿ ನೋಡಿದರೆ ಸೆಕೆಂಡಿಗೆ ಬೇಕಿದ್ದ 7.7 ಕಿ.ಮೀ.ಯಲ್ಲಿ ಕೊರತೆ ನೂರು ಮೀಟರಿಗೂ ಕಮ್ಮಿ, ಶೇ 1ರ ಆಸುಪಾಸು. 'ಉಪಗ್ರಹಗಳು ಬೇಕಾದ ಎತ್ತರ ಮುಟ್ಟಿದವು, ಆದರೆ ಅಲ್ಲೇ ಸುತ್ತುತ್ತಿರಲು ಬೇಕಾದ ವೇಗ ಸ್ವಲ್ಪ ಸಾಲಲಿಲ್ಲ' ಎಂದು ಬರೆಯಬಹುದು. ಪ್ರಕಟಣೆಯಲ್ಲಿ ಸಿಗುವ 'ದೀರ್ಘವೃತ್ತಾಕಾರದ ಕಕ್ಷೆ' ಎಂಬ ಮಾತಿನಿಂದ ಓದುಗರಿಗೆ ಏನು ಕೆಟ್ಟಿತು ಎಂಬುದೇ ಗೊತ್ತಾಗುವುದಿಲ್ಲ. ಚಂದ್ರಯಾನ-3 ಸೇರಿದ್ದೂ ದೀರ್ಘವೃತ್ತವೇ ಅಲ್ವಾ? ಅಲ್ಲಿ ಅದು ಯೋಜನೆ, ಇಲ್ಲಿ ಅದು ವೈಫಲ್ಯ. ಹತ್ತಿರ ಎಷ್ಟು, ದೂರ ಎಷ್ಟು, ಎಷ್ಟಿರಬೇಕಿತ್ತು ಎಂದು ಬರೆದಾಗ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಕೊನೆಗೆ ಅಂಕಿಗಳ ಬಗ್ಗೆ ಒಂದು ಮಾತು. ವೇಗವನ್ನು ಸೆಕೆಂಡಿಗೆ ಎಂದೋ ಗಂಟೆಗೆ ಎಂದೋ ಒಂದೇ ಥರ ಬರೆಯಿರಿ. ಸೆಕೆಂಡಿನ ಲೆಕ್ಕ ನನಗೆ ಇಷ್ಟ, ಯಾಕೆಂದರೆ ಗಂಟೆಗೆ 36,000 ಕಿ.ಮೀ. ಎಂದರೆ ಅದು ಬರೀ ದೊಡ್ಡ ಸಂಖ್ಯೆಯಾಗಿ ಉಳಿಯುತ್ತದೆ, ಕಣ್ಣಿಗೆ ಕಟ್ಟುವುದಿಲ್ಲ. ಬೇರೆ ಬೇರೆ ಕಡೆ ವೇಗದ ಅಂಕಿ ಸ್ವಲ್ಪ ಬೇರೆ ಕಂಡರೆ ಗಾಬರಿಯಾಗಬೇಡಿ. ಭೂಮಿ ತಿರುಗುತ್ತಿರುವುದರಿಂದ ಶ್ರೀಹರಿಕೋಟಾದಲ್ಲಿ ಸುಮ್ಮನೆ ನಿಂತ ರಾಕೆಟ್ಟಿಗೂ ಸೆಕೆಂಡಿಗೆ ಸುಮಾರು 0.45 ಕಿ.ಮೀ. ವೇಗ ಇರುತ್ತದೆ. ಅದನ್ನು ಸೇರಿಸಿ ಹೇಳುವವರೂ ಇದ್ದಾರೆ, ಬಿಟ್ಟು ಹೇಳುವವರೂ ಇದ್ದಾರೆ. ಮೂಲದಲ್ಲಿ ಇರುವುದನ್ನು 'ಸುಮಾರು' ಎಂದು ಸೇರಿಸಿ ದುಂಡಗೆ ಮಾಡಿ ಕೊಡಿ. ಎರಡು ಮೂಲಗಳನ್ನು ಬೆರೆಸಬೇಡಿ.

ಮರುದಿನದಿಂದ ಬರುವ ಸುದ್ದಿಗಳು ಇದೇ ಅಚ್ಚಿನಲ್ಲಿ ಕೂರುತ್ತವೆ. ಜುಲೈ 15ರಂದು ಚಂದ್ರಯಾನ-3 ನೌಕೆ ಮೊದಲ ಸಲ ತನ್ನ ಎಂಜಿನ್ ಉರಿಸಿತು. ಪ್ರಕಟಣೆಯಲ್ಲಿ 41,762 × 173 ಎಂದಿತ್ತು. ನೀವು ಬರೆಯಬೇಕಾದದ್ದು: 'ನೌಕೆ ಸುತ್ತುವ ದಾರಿಯ ದೂರದ ತುದಿ ಈಗ 41,762 ಕಿ.ಮೀ.ಗೆ ಸರಿದಿದೆ. ನಿನ್ನೆ ಅದು 36,500 ಇತ್ತು.' ಜುಲೈ 25ರ ಹೊತ್ತಿಗೆ ಅದು 1.27 ಲಕ್ಷ ಕಿ.ಮೀ. ದಾಟಿತು. ಆಗಸ್ಟ್ 1ರಂದು ಉರಿಸಿದ ಎಂಜಿನ್ ಅದನ್ನು 3.69 ಲಕ್ಷ ಕಿ.ಮೀ.ಗೆ ಒಯ್ದಿತು. 'ಚಂದ್ರನತ್ತ ಹೊರಟ ನೌಕೆ' ಎಂಬ ಹೆಡ್ಡಿಂಗನ್ನು ಆ ದಿನಕ್ಕೆ ಎತ್ತಿಡಿ.